ಪಾಠದಲ್ಲಿ ಬರುವ ‘ನಾವು’ ಯಾರು?

ತುಳುವಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ಇಂದಿನ ಕನ್ನಡಕ್ಕೆ ಈ ಭೇದವಿಲ್ಲ. ಒಂದೇ ‘ನಾವು’ ಎರಡೂ ಕಡೆ ದುಡಿಯುತ್ತದೆ. ಉಡುಪಿಯ ಆಸುಪಾಸಿನ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ, ಧರ್ಮದ ವಿಚಾರದಲ್ಲಿ ನಮ್ಮ ಪಾಠಗಳು ಎಡವುವುದು ಇಲ್ಲಿಯೇ ಅನ್ನಿಸುತ್ತದೆ. “ಈ ಹಬ್ಬದಂದು ನಾವು ದೀಪ ಹಚ್ಚುತ್ತೇವೆ” ಎಂದು ಕಪ್ಪುಹಲಗೆಯ ಮೇಲೆ ಬರೆದರೆ, ಮುಂದಿನ ಬೆಂಚಿನ ಬ್ಯಾರಿ ಮುಸ್ಲಿಂ ಹುಡುಗಿಯೂ ಹಿಂದಿನ ಬೆಂಚಿನ ಕೊಂಕಣಿ ಕ್ರೈಸ್ತ ಹುಡುಗನೂ ಆ ವಾಕ್ಯದ ಒಳಗಿದ್ದಾರೋ ಹೊರಗಿದ್ದಾರೋ? ತುಳುವಿನಲ್ಲಿ ಪಾಠ ಮಾಡುವುದಾಗಿದ್ದರೆ ಬಾಯಿ ತೆರೆಯುವ ಮೊದಲೇ ನಾನು ಅದನ್ನು ತೀರ್ಮಾನಿಸಬೇಕಾಗುತ್ತಿತ್ತು.

ಧರ್ಮಗಳ ಬಗ್ಗೆ ಶಾಲೆಯಲ್ಲಿ ಮಾತೇ ಬೇಡ ಎನ್ನುವವರಿದ್ದಾರೆ. ಗಲಾಟೆ ಏಕೆ ಎಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ. ಹಿಜಾಬ್ ವಿವಾದ ಹೊತ್ತಿಕೊಂಡದ್ದು ನಮ್ಮ ಉಡುಪಿಯಲ್ಲೇ. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ಆದರೆ ಶಾಲೆ ಸುಮ್ಮನಿದ್ದ ಮಾತ್ರಕ್ಕೆ ಮಕ್ಕಳು ಕಲಿಯದೆ ಇರುವುದಿಲ್ಲ. ಪಕ್ಕದ ಮನೆಯವರ ದೇವರ ಬಗ್ಗೆ ಅವರು ಮೊಬೈಲಿನಿಂದ ಕಲಿಯುತ್ತಾರೆ, ಅದೂ ಹೆಚ್ಚಾಗಿ ಆ ದೇವರನ್ನು ಕಂಡರಾಗದವರ ಬಾಯಿಂದ.

ಕಾನೂನು ಇದಕ್ಕೆ ಅಡ್ಡಿಯಲ್ಲ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಮಠ, ಚರ್ಚು, ಮುಸ್ಲಿಂ ಸಂಸ್ಥೆಗಳು ನಡೆಸುವ ಶಾಲೆಗಳೇ ಸಾಲುಗಟ್ಟಿರುವ ಕರಾವಳಿಯಲ್ಲಿ ಈ ಎರಡನೆಯ ಮಾತೇ ಹೆಚ್ಚು ಮುಖ್ಯ, ಹೆಚ್ಚು ಮರೆತದ್ದೂ ಅದೇ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು 1964–66ರ ಕೊಠಾರಿ ಆಯೋಗವೇ ಗೆರೆ ಎಳೆದಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡಬರುವುದಿಲ್ಲ ಎಂದಿತು. ಗೆರೆ ಕಾಗದದ ಮೇಲೆ ಸ್ಪಷ್ಟವಾಗಿದೆ. ತರಗತಿಯಲ್ಲಿ ಅದನ್ನು ಯಾವ ವಾಕ್ಯದಿಂದ ಎಳೆಯಬೇಕೆಂದು ಶಿಕ್ಷಕರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ವ್ಯಾಕರಣದ್ದು. ನಂಬಿಕೆಯ ವಾಕ್ಯಕ್ಕೆ ನಂಬುವವರು ಕರ್ತೃವಾಗಿರಬೇಕು. “ಖುರ್‌ಆನ್ ದೇವರ ವಾಣಿಯೆಂದು ಮುಸ್ಲಿಮರು ನಂಬುತ್ತಾರೆ”, “ಜೀವ ಮತ್ತು ಬ್ರಹ್ಮ ಎಂದಿಗೂ ಬೇರೆಯೇ ಎಂದು ಮಧ್ವರು ವಾದಿಸಿದರು”, “ಒಂದೇ ಎಂದು ಅದ್ವೈತಿಗಳು ಹೇಳಿದರು”. ಇದರಲ್ಲಿ ಅಗೌರವವೂ ಇಲ್ಲ, ಪ್ರಚಾರವೂ ಇಲ್ಲ. ಮಠದ ಅಂಗಳದಲ್ಲೇ ಎಂಟು ಶತಮಾನಗಳಿಂದ ವಾದ ನಡೆದಿದೆ ಎಂದು ತಿಳಿದ ಮಗುವಿಗೆ ಧರ್ಮವೆಂದರೆ ಒಂದೇ ಸ್ವರದ ಘೋಷಣೆಯಲ್ಲ ಎಂಬುದೂ ತಿಳಿಯುತ್ತದೆ. ಮೂಡುಬಿದಿರೆಯ ಬಸದಿಗಳು ದಿಗಂಬರರವು, ಶ್ವೇತಾಂಬರರ ನಡೆ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಪ್ರೊಟೆಸ್ಟೆಂಟರು, ಇಲ್ಲಿನ ಕ್ಯಾಥೊಲಿಕರು ಅವರಿಗಿಂತ ಬಹಳ ಹಿಂದಿನವರು. ಒಳಗಿನ ಈ ಭಿನ್ನತೆಗಳನ್ನು ಮುಚ್ಚಿಟ್ಟು ಒಂದೊಂದು ಧರ್ಮಕ್ಕೆ ಒಂದೊಂದು ಪುಟ, ಒಂದೊಂದು ಚಿತ್ರ ಹಂಚಿದರೆ ಅದು ಪಾಠವಲ್ಲ, ಶುಭಾಶಯ ಪತ್ರ.

ಎರಡನೆಯದು ನನ್ನದೇ ತಪ್ಪಿನಿಂದ ಕಲಿತದ್ದು. ಒಮ್ಮೆ ರಂಜಾನ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಎಬ್ಬಿಸಿ, “ಉಪವಾಸ ಏಕೆ ಮಾಡುತ್ತೀರಿ, ಹೇಳಪ್ಪಾ” ಎಂದೆ. ಒಳ್ಳೆಯ ಉದ್ದೇಶವೇ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಗೊತ್ತಾಯಿತು: ಹುಷಾರಿಲ್ಲದೆ ಅವನು ಆ ವರ್ಷ ಉಪವಾಸ ಹಿಡಿದಿರಲಿಲ್ಲ, ಅದನ್ನು ಎಲ್ಲರೆದುರು ಹೇಳುವುದು ಅವನಿಗೆ ಬೇಡವಾಗಿತ್ತು. ಐವತ್ತು ಜೋಡಿ ಕಣ್ಣುಗಳ ಮುಂದೆ ನಾನು ಅವನನ್ನು ಒಂದು ಧರ್ಮದ ವಕೀಲನನ್ನಾಗಿ ನಿಲ್ಲಿಸಿದ್ದೆ. ಯಾವ ಮಗುವನ್ನೂ ತನ್ನ ಧರ್ಮದ ಪ್ರತಿನಿಧಿಯಾಗಿ ನಿಲ್ಲಿಸಬಾರದು, ತಾನಾಗಿ ಹೇಳಿದರೆ ತಡೆಯಲೂಬಾರದು. ದೇವರನ್ನು ನಂಬದ ಮನೆಯ ಮಗುವಿಗೂ ಈ ರಕ್ಷಣೆ ಬೇಕು. “ನಿನ್ನ ಮನೆಯ ಹಬ್ಬದ ಬಗ್ಗೆ ಪ್ರಬಂಧ ಬರೆ” ಎಂಬ ಪರೀಕ್ಷೆಯ ಪ್ರಶ್ನೆ ಈ ಲೆಕ್ಕದಲ್ಲಿ ಸರಿಯಲ್ಲ. “ನಿನ್ನ ಊರಿನ ಒಂದು ಹಬ್ಬದ ಬಗ್ಗೆ” ಎಂದರೆ ಸಾಕು.

ಊರು ಎಂದೆ, ಪಾಠ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕ್ರೈಸ್ತರು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ನೆರೆಯ ಹಿಂದೂ ಮನೆಗಳಲ್ಲೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಗದ್ದೆ ಒಂದೇ, ಭತ್ತ ಒಂದೇ. ವಿಧಿ ಬೇರೆ, ಪ್ರಾರ್ಥನೆ ಬೇರೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಅದು ಬೌದ್ಧರ ಅವಲೋಕಿತೇಶ್ವರನೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಂಥದೊಂದು ವಿಗ್ರಹವನ್ನು ಮುಂದಿಟ್ಟುಕೊಂಡರೆ ಇತಿಹಾಸದ ಒಂದು ವಾರ ಸಲೀಸಾಗಿ ಕಳೆಯುತ್ತದೆ. ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದನೆನ್ನುವ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಕಥೆಯನ್ನೂ ಹೇಳೋಣ, ಆದರೆ ಐತಿಹ್ಯವೆಂದು ಹೇಳಿ. ಸೌಹಾರ್ದ ಸಮಾವೇಶಗಳಲ್ಲಿ ಕೇಳಿ ಕೇಳಿ ಆ ಕಥೆ ಸವೆದುಹೋಗಿದೆ ಎಂಬ ಸಣ್ಣ ತಕರಾರು ನನ್ನದು. ‘ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ’ ಎಂಬುದೂ ಒಂದು ನಂಬಿಕೆಯೇ. ಅದನ್ನು ಸರ್ಕಾರಿ ಸತ್ಯವೆಂದು ಹೇಳಿಕೊಟ್ಟರೆ ಅದೂ ಬೋಧನೆಯಾಗುತ್ತದೆ.

ಕಹಿಯನ್ನೂ ಬಿಡಬಾರದು. ದೇವಸ್ಥಾನದ ಒಳಗೆ ಯಾರಿಗೆ ಪ್ರವೇಶವಿರಲಿಲ್ಲ ಎಂದು ಹೇಳದೆ, 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದ್ದೇಕೆ ಎಂದು ವಿವರಿಸುವುದು ಸಾಧ್ಯವೇ? 1784ರಲ್ಲಿ ಟಿಪ್ಪು ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದನ್ನೂ ಹೇಳಬೇಕು. ಅದರ ಲೆಕ್ಕವನ್ನು ಈಗ ಬೆಂಚಿನಲ್ಲಿ ಕುಳಿತಿರುವ ಮುಸ್ಲಿಂ ಮಗುವಿನ ಹೆಸರಿಗೆ ಬರೆಯಬಾರದು, ಅಷ್ಟೇ.

ಇನ್ನು ಭೇಟಿಗಳು. ಬಸದಿ, ಚರ್ಚು, ಮಸೀದಿ, ಕೋಟಿ-ಚೆನ್ನಯರ ಗರಡಿ ಎಲ್ಲವೂ ಬಸ್ಸಿನ ದೂರದಲ್ಲಿವೆ. ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. ಒಪ್ಪದವರ ಮಗುವಿಗೆ ಅಂಕ ಕಡಿಮೆಯಾಗಬಾರದು. ಚಪ್ಪಲಿ ಬಿಡುವುದು ಮರ್ಯಾದೆ, ಅದನ್ನು ಎಲ್ಲರೂ ಪಾಲಿಸಲಿ. ಕೈಮುಗಿಯುವುದು, ಗಂಧ ಹಚ್ಚುವುದು, ಪ್ರಸಾದ ತಿನ್ನುವುದು ಮಗುವಿನ ಇಷ್ಟ. “ತಗೋ ಮಗಾ, ಏನಾಗುವುದಿಲ್ಲ” ಎಂಬ ಪ್ರೀತಿಯ ಒತ್ತಾಯವೂ ಒತ್ತಾಯವೇ.

ಪಠ್ಯ ಯಾರು ಬರೆಯಬೇಕು? ಇಂಗ್ಲೆಂಡಿನಲ್ಲಿ ಧರ್ಮದ ಪಠ್ಯಕ್ರಮವನ್ನು ಸ್ಥಳೀಯ ಮಟ್ಟದಲ್ಲಿ ಧರ್ಮಗಳ ಪ್ರತಿನಿಧಿಗಳು, ಶಿಕ್ಷಕರು, ಸ್ಥಳೀಯಾಡಳಿತದವರು ಸೇರಿ ಒಪ್ಪಿ ರೂಪಿಸುವ ಪದ್ಧತಿಯಿದೆ. ನಮ್ಮಲ್ಲಿ ಅದನ್ನು ಹಾಗೆಯೇ ತಂದರೆ ಪ್ರತಿ ಧರ್ಮದ ಹಿರಿಯರೂ ತಮ್ಮ ಪುಟಕ್ಕೆ ಜರತಾರಿ ಹೊಲಿಸುತ್ತಾರೆ ಎಂಬ ಭಯ ನನಗಿದೆ. ಸಂಗತಿ ತಪ್ಪಿದ್ದರೆ ತಿದ್ದುವ ಹಕ್ಕು ಅವರಿಗಿರಲಿ, ಕೊನೆಯ ಮಾತು ಶಿಕ್ಷಕರದ್ದೂ ಇತಿಹಾಸ ಬಲ್ಲವರದ್ದೂ ಆಗಿರಲಿ. ಹೊಸ ವಿಷಯ, ಹೊಸ ಪೀರಿಯಡ್ ಯಾವುದೂ ಬೇಡ. ಸಮಾಜ ವಿಜ್ಞಾನದೊಳಗೇ ಇದಕ್ಕೆ ಜಾಗವಿದೆ.

ದೊಡ್ಡ ಸಮಿತಿ ಕೂರುವುದಕ್ಕೆ ಕಾಯಬೇಕಿಲ್ಲ. ಉಡುಪಿ ಮತ್ತು ದಕ್ಷಿಣ ಕನ್ನಡದ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಬೇಸಿಗೆ ರಜೆಯಲ್ಲಿ ಎರಡು ದಿನ ಶಿಕ್ಷಕರನ್ನು ಸೇರಿಸಲಿ, ಕೈಗೆ ಪಠ್ಯಪುಸ್ತಕವನ್ನೂ ಕೆಂಪು ಪೆನ್ನನ್ನೂ ಕೊಡಲಿ. ‘ನಾವು’, ‘ನಮ್ಮ’ ಬಂದಲ್ಲೆಲ್ಲ ಅಂಚಿನಲ್ಲಿ ‘ನಮ’ ಅಥವಾ ‘ಎಂಕುಲು’ ಎಂದು ಗುರುತಿಸಲಿ. ತುಳು ಬಾರದವರು ಪಕ್ಕದಲ್ಲಿ ಕುಳಿತವರನ್ನು ಕೇಳಿದರಾಯಿತು.