ಶಾಲಾ ವಾರ್ಷಿಕೋತ್ಸವ: ಸ್ವಾಗತ ಭಾಷಣ

ಇಂದಿನ ಸಭೆಯ ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ನಮ್ಮ ಗ್ರಾಮ ಪಂಚಾಯತಿನ ಗೌರವಾನ್ವಿತ ಅಧ್ಯಕ್ಷೆಯವರೇ, ಈ ವಾರ್ಷಿಕೋತ್ಸವವನ್ನು ದೀಪ ಬೆಳಗಿ ಉದ್ಘಾಟಿಸಲಿರುವ ಕುಂಬಳೆ ಉಪಜಿಲ್ಲೆಯ ಮಾನ್ಯ ವಿದ್ಯಾಧಿಕಾರಿಗಳೇ, ಮುಖ್ಯ ಅತಿಥಿಗಳಾಗಿ ಆಗಮಿಸಿರುವ, ಈ ಶಾಲೆಯ ಹಳೆ ವಿದ್ಯಾರ್ಥಿಗಳೂ ಆಗಿರುವ ಹಿರಿಯ ಯಕ್ಷಗಾನ ಭಾಗವತರೇ, ಬಹುಮಾನ ವಿತರಿಸಲು ಬಂದಿರುವ ಬ್ಲಾಕ್ ಪಂಚಾಯತಿನ ಸದಸ್ಯರೇ, ನಮ್ಮ ವಾರ್ಡಿನ ಸದಸ್ಯೆಯವರೇ, ಶಾಲೆಯ ವ್ಯವಸ್ಥಾಪಕರೇ, ರಕ್ಷಕ ಶಿಕ್ಷಕ ಸಂಘದ ಅಧ್ಯಕ್ಷರೇ, ಮಾತೃ ಸಂಘದ ಅಧ್ಯಕ್ಷೆಯವರೇ, ಹಳೆ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳೇ, ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪ್ರೀತಿಯ ಒಂದನೇ ತರಗತಿಯ ಟೀಚರರೇ, ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿ ಬಂಧುಗಳೇ, ಅಂಗಳದ ತುಂಬ ಸೇರಿರುವ ಹೆತ್ತವರೇ, ಊರ ಹಿರಿಯರೇ, ಪತ್ರಿಕಾ ಮಿತ್ರರೇ, ಮತ್ತು ಬಣ್ಣ ಬಳಿದುಕೊಂಡು ನೇಪಥ್ಯದ ಪರದೆಯ ಸಂದಿಯಿಂದ ನಮ್ಮನ್ನೇ ಇಣುಕಿ ನೋಡುತ್ತಿರುವ ಮುದ್ದು ಮಕ್ಕಳೇ, ನಿಮಗೆಲ್ಲರಿಗೂ ಈ ಸಂಜೆಯ ನಮಸ್ಕಾರಗಳು.

ವೇದಿಕೆಯಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ನಿರೂಪಕರು ಆಗಲೇ ಹೇಳಿ ಕರೆದಿದ್ದಾರೆ, ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗಿದೆ. ಹೀಗಾಗಿ ನಾನು ಹೆಸರುಗಳನ್ನು ಮತ್ತೆ ಓದದೆ, ಅವರವರ ಸ್ಥಾನವನ್ನು ಹಿಡಿದು, ಶಾಲೆಗೂ ಅವರಿಗೂ ಇರುವ ನಂಟನ್ನು ಎರಡು ಮಾತಿನಲ್ಲಿ ನೆನೆದು ಸ್ವಾಗತಿಸುತ್ತೇನೆ. ಮಕ್ಕಳ ಕಾರ್ಯಕ್ರಮ ತಡವಾದರೆ ಮೊದಲು ನಿದ್ದೆಗೆ ಜಾರುವವರು ಒಂದನೇ ತರಗತಿಯ ಪುಟಾಣಿಗಳು ಎಂಬುದು ನನಗೆ ನೆನಪಿದೆ.

ನಾವು ಕುಳಿತಿರುವ ಈ ಅಂಗಳದ ಬಗ್ಗೆ ಮೊದಲು ಒಂದು ಮಾತು ಹೇಳಲೇಬೇಕು. ಈ ಶಾಲೆಯ ಹಳೆಯ ಹಾಜರಿ ಪುಸ್ತಕಗಳಲ್ಲಿ ವಿಳಾಸದ ಸಾಲು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲಿನ ಪುಸ್ತಕಗಳಲ್ಲಿ ಅದು ಕಣ್ಣೂರು ಜಿಲ್ಲೆಯಾಯಿತು, 1984ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆ ಉದಯಿಸಿದ ಬಳಿಕ ಮತ್ತೊಮ್ಮೆ ಬದಲಾಯಿತು. ವಿಳಾಸ ಇಷ್ಟು ಬಾರಿ ಬದಲಾದರೂ, ಕಟ್ಟಡ ಅದೇ, ಜಗಲಿಯಲ್ಲಿ ತೂಗುವ ರೈಲು ಕಂಬಿಯ ತುಂಡಿನ ಗಂಟೆ ಅದೇ, ಒಂದನೇ ತರಗತಿಯ ಕಪ್ಪು ಹಲಗೆಯ ಮೇಲೆ ಜೂನ್ ತಿಂಗಳ ಮೊದಲ ದಿನ ಬರೆಯುವ ಅಕ್ಷರವೂ ಅದೇ ಕನ್ನಡದ 'ಅ'. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು ಬಾಳಿದ ನೆಲವಿದು. ಬದಿಯಡ್ಕದ ಪೆರಡಾಲದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ನಾಡಿಗಾಗಿ ಕವಿತೆ ಕಟ್ಟಿದ, ನೂರು ವರ್ಷದ ತುಂಬು ಬಾಳನ್ನು ಕಂಡ ಕಯ್ಯಾರ ಕಿಞ್ಞಣ್ಣ ರೈಗಳ ನೆರೆಕರೆಯಿದು. ಈ ಹಿರಿಯರನ್ನು ನೆನೆಯದೆ ಇಲ್ಲಿ ಯಾರನ್ನು ಸ್ವಾಗತಿಸಿದರೂ ಆ ಸ್ವಾಗತ ಅರೆಬರೆಯಾದೀತು.

ಸಭೆಯ ರೂಢಿಯಂತೆ ಮೊದಲ ಸ್ವಾಗತ ಅಧ್ಯಕ್ಷ ಪೀಠಕ್ಕೆ ಸಲ್ಲುತ್ತದೆ. ಈ ಪೀಠದಲ್ಲಿ ಇಂದು ಕುಳಿತಿರುವ ಪಂಚಾಯತು ಅಧ್ಯಕ್ಷೆಯವರು ಶಾಲೆಗೆ ಹೊಸಬರಲ್ಲ. ಮಳೆಗಾಲದಲ್ಲಿ ಹಿಂಬದಿಯ ಬರೆ ಜರಿದು ಬಾವಿಕಟ್ಟೆಯ ತನಕ ಮಣ್ಣು ಬಂದಾಗ, ಫೋನ್ ಮಾಡಿದ ಮರುದಿನವೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದೇ ಕೆಸರಿನಲ್ಲಿ ನಿಂತು ತಡೆಗೋಡೆಯ ಅಳತೆ ಮಾಡಿಸಿದವರು ಅವರು. ಆ ಗೋಡೆಗೆ ಒರಗಿಯೇ ಇಂದಿನ ವೇದಿಕೆ ನಿಂತಿದೆ. ಮಾನ್ಯ ಅಧ್ಯಕ್ಷೆಯವರನ್ನು ಶಾಲೆಯ ಪರವಾಗಿ ಅತ್ಯಂತ ಗೌರವದಿಂದ ಸ್ವಾಗತಿಸುತ್ತೇನೆ.

ಇಂದಿನ ಉದ್ಘಾಟಕರಾದ ಉಪಜಿಲ್ಲಾ ವಿದ್ಯಾಧಿಕಾರಿಗಳು ತಪಾಸಣೆಗೆ ಬಂದ ದಿನ ಕಚೇರಿಯ ಕಡತಗಳಿಗಿಂತ ಮೊದಲು ಮೂರನೇ ತರಗತಿಯ ಮಕ್ಕಳ ಕಾಪಿ ಪುಸ್ತಕಗಳನ್ನು ಕೇಳಿದರು ಎಂಬುದನ್ನು ನಾವು ಶಿಕ್ಷಕರು ಇನ್ನೂ ಹೇಳಿಕೊಳ್ಳುತ್ತೇವೆ. ಅಂದು ಸ್ವಲ್ಪ ಎದೆ ಹಾರಿದ್ದೂ ನಿಜ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕವೂ ಪ್ರಶ್ನೆಪತ್ರಿಕೆಯೂ ಅವರ ಭಾಷೆಯಲ್ಲೇ, ಹೊತ್ತಿಗೆ ಸರಿಯಾಗಿ ಕೈಸೇರಬೇಕೆಂಬ ನಮ್ಮ ಕೋರಿಕೆಗೆ ಕಿವಿಗೊಟ್ಟು ಬೆನ್ನಿಗೆ ನಿಂತಿರುವ ಈ ಅಧಿಕಾರಿಗಳಿಗೆ ಆದರದ ಸ್ವಾಗತ.

ಮುಖ್ಯ ಅತಿಥಿಗಳನ್ನು ಸ್ವಾಗತಿಸುವಾಗ ನನಗೆ ಸ್ವಲ್ಪ ಗೊಂದಲವಾಗುತ್ತದೆ. ಅವರನ್ನು ಅತಿಥಿ ಎನ್ನಬೇಕೋ ಮನೆಯವರು ಎನ್ನಬೇಕೋ ತಿಳಿಯದು. ಪಾರ್ತಿಸುಬ್ಬನ ಹೆಸರಿನಿಂದ ಯಕ್ಷಗಾನ ಲೋಕದಲ್ಲಿ ಗುರುತಾದ ಕುಂಬಳೆ ಸೀಮೆಯಲ್ಲಿ ಹುಟ್ಟಿ, ಇದೇ ಶಾಲೆಯ ಜಗಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡಿ, ಮುಂದೆ ಮೇಳಗಳಲ್ಲಿ ಜಾಗಟೆ ಹಿಡಿದು ರಾತ್ರಿ ಬೆಳಗು ಹಾಡಿದವರು ನಮ್ಮ ಭಾಗವತರು. ಕಳೆದ ಎರಡು ವರ್ಷಗಳಿಂದ ಶನಿವಾರ ಬೆಳಗ್ಗೆ ಬಸ್ಸಿಳಿದು, ಗುಡ್ಡೆಯ ಕಾಲುದಾರಿಯಲ್ಲಿ ನಡೆದು ಬಂದು, ಒಂದು ಕಾಸೂ ಪಡೆಯದೆ ನಮ್ಮ ಮಕ್ಕಳಿಗೆ ತಾಳ ಹೇಳಿಕೊಡುತ್ತಿದ್ದಾರೆ. ಮೊದಲ ದಿನ ಅವರು ಚೆಂಡೆಯನ್ನಾಗಲಿ ಮದ್ದಳೆಯನ್ನಾಗಲಿ ಮುಟ್ಟಗೊಡಲಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ತೊಡೆಯ ಮೇಲೆ ಕೈತಟ್ಟಿಸಿ, ತಪ್ಪಿದವನನ್ನು ಗದರದೆ ಅವನ ಕೈಯನ್ನು ತಾನೇ ಹಿಡಿದು ತಟ್ಟಿಸಿದರು. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗನೊಬ್ಬ ಇಂದು ಇದೇ ವೇದಿಕೆಯಲ್ಲಿ ಕನ್ನಡದಲ್ಲಿ ಅರ್ಥ ಹೇಳಲಿದ್ದಾನೆ. ಅವನ ಉಚ್ಚಾರವನ್ನು ತಾವೇ ಕೇಳಿ. ಕಳೆದುಹೋಗದೆ ತಿರುಗಿ ಮನೆಗೆ ಬಂದ ಈ ಹಿರಿಯ ವಿದ್ಯಾರ್ಥಿಗೆ ಹೃದಯ ತುಂಬಿದ ಸ್ವಾಗತ.

ಬಹುಮಾನಗಳನ್ನು ವಿತರಿಸಲಿರುವ ಬ್ಲಾಕ್ ಪಂಚಾಯತು ಸದಸ್ಯರನ್ನೂ, ಶಾಲೆಯ ದಾರಿಯ ದೀಪ ಕೆಟ್ಟರೆ ನಮಗಿಂತ ಮೊದಲೇ ತಿಳಿದಿರುವ ವಾರ್ಡು ಸದಸ್ಯೆಯವರನ್ನೂ ಆತ್ಮೀಯವಾಗಿ ಸ್ವಾಗತಿಸುತ್ತೇನೆ.

ಶಾಲೆಯ ವ್ಯವಸ್ಥಾಪಕರು ತಮ್ಮ ಅಜ್ಜನ ಕಾಲದಿಂದ ಬಂದ ಈ ಹೊಣೆಯನ್ನು ಹೊತ್ತವರು. ತಮಗೆ ವೇದಿಕೆಯ ನಡುವಿನ ಕುರ್ಚಿ ಬೇಡವೆಂದು ಅವರು ಹೇಳಿಕಳುಹಿಸಿದ್ದರಿಂದಲೇ ಇಂದು ಅಂಚಿನಲ್ಲಿ ಕುಳಿತಿದ್ದಾರೆ, ದಯವಿಟ್ಟು ಯಾರೂ ಅದನ್ನು ನಮ್ಮ ತಪ್ಪೆಂದು ಎಣಿಸಬಾರದು. ಅವರಿಗೂ, ಈ ಚಪ್ಪರಕ್ಕೆ ಮೊದಲ ಗುಂಡಿ ತೋಡುವುದರಿಂದ ಹಿಡಿದು ಧ್ವನಿವರ್ಧಕದ ಬಾಡಿಗೆ ಚೌಕಾಸಿಯ ತನಕ ನಿಂತು ಮಾಡಿಸಿದ ರಕ್ಷಕ ಶಿಕ್ಷಕ ಸಂಘದ ಅಧ್ಯಕ್ಷರಿಗೂ, ಮಕ್ಕಳ ವೇಷಭೂಷಣಗಳನ್ನು ಮೂರು ರಾತ್ರಿ ಕೂತು ಹೊಲಿದ ತಾಯಂದಿರ ಪರವಾಗಿ ವೇದಿಕೆಯಲ್ಲಿರುವ ಮಾತೃ ಸಂಘದ ಅಧ್ಯಕ್ಷೆಯವರಿಗೂ, ದೂರದ ಊರುಗಳಿಂದ ಇಂದಿಗಾಗಿಯೇ ಬಂದಿರುವ ಹಳೆ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಿಗೂ ಹಾರ್ದಿಕ ಸ್ವಾಗತ.

ಇನ್ನು ನಮ್ಮ ಟೀಚರ್. ಮಾರ್ಚ್ ಕಳೆದು ಮೇ ತಿಂಗಳ ಕೊನೆಗೆ ಅವರ ಸೇವಾವಧಿ ಮುಗಿಯುತ್ತದೆ. 31 ವರ್ಷ ಅವರು ಒಂದನೇ ತರಗತಿಯನ್ನು ಬಿಟ್ಟು ಕದಲಲಿಲ್ಲ, ಮೇಲಿನ ತರಗತಿ ಕೊಡುತ್ತೇವೆಂದರೂ ಒಪ್ಪಲಿಲ್ಲ. ಶಾಲೆ ತೆರೆದ ಮೊದಲ ದಿನ ಪ್ರತಿ ಮಗುವಿನ ಸ್ಲೇಟಿನ ಮೇಲೆ ತಾವೇ ದೊಡ್ಡದಾಗಿ ಆ ಮಗುವಿನ ಹೆಸರು ಬರೆದು, ಅದರ ಮೇಲೆಯೇ ಮಗುವಿನ ಕೈಯಿಂದ ತಿದ್ದಿಸುವುದು ಅವರ ಕ್ರಮ. ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಆ ಅಕ್ಷರಗಳು ಬಳಪದ ಪುಡಿಯಿಂದ ಬೆರಳ ದಪ್ಪ ಆಗಿರುತ್ತವೆ, ಮಗು ಅದನ್ನು ಅಳಿಸದೆ ಎದೆಗವಚಿಕೊಂಡು ಮನೆಗೆ ಒಯ್ಯುತ್ತದೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಹೀಗೆ ಬೇರೆ ಬೇರೆ ಮನೆಮಾತಿನಿಂದ ಬರುವ ಮಕ್ಕಳು ಕನ್ನಡದಲ್ಲಿ ಮೊದಲು ಓದಿದ ಪದ ತಮ್ಮದೇ ಹೆಸರು ಎಂಬುದಕ್ಕೆ ಈ ಟೀಚರ್ ಕಾರಣ. ಸಭೆಯಲ್ಲಿ ಕುಳಿತಿರುವ ಹೆತ್ತವರಲ್ಲಿ ಅನೇಕರೂ ಅದೇ ಸ್ಲೇಟಿನ ಮಕ್ಕಳೇ. ಟೀಚರರನ್ನು ಈ ವೇದಿಕೆಗೆ ಸಹೋದ್ಯೋಗಿಯಾಗಿ ಕೊನೆಯ ಬಾರಿಗೆ ಸ್ವಾಗತಿಸುವ ಭಾಗ್ಯ ನನ್ನದಾಗಿದೆ. ಮುಂದಿನ ವರ್ಷದಿಂದ ಅವರು ನಮ್ಮ ಅತಿಥಿ, ಆದರೆ ಪಟ್ಟಿಯಲ್ಲಿ ಎಷ್ಟನೆಯವರು ಎಂದು ನಾವು ಲೆಕ್ಕ ಹಾಕುವುದಿಲ್ಲ.

ಶಾಲೆಯ ಚುಕ್ಕಾಣಿ ಹಿಡಿದಿರುವ ಮುಖ್ಯೋಪಾಧ್ಯಾಯಿನಿಯವರನ್ನೂ, ನನ್ನ ಜತೆ ದುಡಿಯುವ ಶಿಕ್ಷಕ ಶಿಕ್ಷಕಿಯರನ್ನೂ, ಕಚೇರಿಯ ಸಿಬ್ಬಂದಿಯನ್ನೂ ಸ್ವಾಗತಿಸುತ್ತೇನೆ. ಕಳೆದ ವರ್ಷ ಇದೇ ಮೈಕಿನ ಮುಂದೆ ನಿಂತು ಎಲ್ಲರನ್ನೂ ನೆನೆದೆನೆಂದುಕೊಂಡು ಕುಳಿತಾಗ, ಅಡುಗೆಯಕ್ಕ ಬಾಗಿಲ ಬಳಿ ಕೈಕಟ್ಟಿ ನಿಂತು ನಕ್ಕದ್ದು ಕಂಡಿತು. ಅವರ ಹೆಸರು ಬಿಟ್ಟದ್ದು ನನ್ನ ತಪ್ಪು. 142 ಮಕ್ಕಳಿಗೆ ದಿನವೂ ಮಧ್ಯಾಹ್ನದ ಅನ್ನ ಬಡಿಸುವ, ಇಂದು ತಮಗೆಲ್ಲರಿಗೂ ಅವಲಕ್ಕಿ ಕಲಸಿ ಚಹಾ ಕಾಯಿಸಿರುವ ಅಡುಗೆಯಕ್ಕನನ್ನೂ ಅವರ ಸಹಾಯಕಿಯನ್ನೂ ಈ ಬಾರಿ ಸಭೆಯೆದುರು ಹೆಸರು ಹಿಡಿದಂತೆಯೇ ಗಟ್ಟಿಯಾಗಿ ಸ್ವಾಗತಿಸುತ್ತಿದ್ದೇನೆ.

ಹೆತ್ತವರೇ, ಊರ ಬಂಧುಗಳೇ, ಅಡಿಕೆ ಸುಲಿಯುವ ಕೆಲಸ ಅರ್ಧಕ್ಕೆ ಬಿಟ್ಟು, ಕೂಲಿಯ ಅರ್ಧ ದಿನ ಬಿಟ್ಟು, ಅಂಗಡಿಯ ಬಾಗಿಲೆಳೆದು ಬಂದವರು ನೀವು. ನಿಮ್ಮಲ್ಲಿ ಪತ್ರಿಕೆಯ ಪ್ರತಿನಿಧಿಗಳಿದ್ದೀರಿ, ಗುರುಪೀಠದಿಂದ ನಿವೃತ್ತರಾದ ಹಿರಿಯ ಮಾಷ್ಟ್ರುಗಳಿದ್ದೀರಿ, ನೆರೆಯ ಶಾಲೆಗಳ ಶಿಕ್ಷಕರಿದ್ದೀರಿ. ನಿಮಗೆಲ್ಲರಿಗೂ ಸ್ವಾಗತ. ಇಲ್ಲಿ ಸೇರಿದವರಲ್ಲಿ ಕನ್ನಡವನ್ನು ಕಿವಿಯಿಂದ ಮಾತ್ರ ಬಲ್ಲವರೂ ಇದ್ದಾರೆ, ಅವರಿಗಾಗಿ ಒಮ್ಮೆ ತುಳುವಿನಲ್ಲಿ, ಮಾತೆರೆಗ್ಲಾ ಸ್ವಾಗತ, ಇನ್ನೊಮ್ಮೆ ಮಲಯಾಳದಲ್ಲಿ, ಎಲ್ಲಾವರ್ಕುಂ ಸ್ವಾಗತಂ. ಪ್ರೀತಿಯ ಮಕ್ಕಳೇ, ಈ ಸಂಜೆ ನಿಮ್ಮದು, ನಿಮ್ಮನ್ನು ಕೊನೆಯಲ್ಲಿ ಕರೆದದ್ದು ಸಭೆಯ ಕ್ರಮಕ್ಕಾಗಿ ಮಾತ್ರ.

ಗಣ್ಯರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛದ ಬದಲು, ಏಳನೇ ತರಗತಿಯ ಮಕ್ಕಳು ತಾವೇ ಆಯ್ದು ತೊಳೆದು ಒಣಗಿಸಿದ ಅಡಿಕೆ ಹಾಳೆಯ ತಟ್ಟೆಯಲ್ಲಿ ಒಂದು ಪುಸ್ತಕವನ್ನೂ ಒಂದು ಅಡಿಕೆ ಸಸಿಯನ್ನೂ ಇಟ್ಟು ನೀಡುತ್ತಾರೆ. ಸಸಿ ಸಣ್ಣದು, ದಯವಿಟ್ಟು ಮನೆಗೊಯ್ದು ನೆಡಬೇಕು. ಅಧ್ಯಕ್ಷೆಯವರಿಗೆ ಶಾಲಾ ನಾಯಕಿಯೂ, ಉದ್ಘಾಟಕರಿಗೆ ಉಪನಾಯಕನೂ, ಬಳಿಕ ಉಳಿದ ಗಣ್ಯರಿಗೆ ಅದೇ ಕ್ರಮದಲ್ಲಿ ತರಗತಿಯ ಮಕ್ಕಳೂ ತಟ್ಟೆಯನ್ನು ಒಪ್ಪಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಟ್ಟೆಗಳು ಎಲ್ಲರ ಕೈಸೇರಿದ ಮೇಲೆ, ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿಸಿದ ಈ ಕಾಲುದೀಪವನ್ನು ಬೆಳಗಿಸಿ ವಾರ್ಷಿಕೋತ್ಸವವನ್ನು ಉದ್ಘಾಟಿಸಬೇಕೆಂದು ಮಾನ್ಯ ವಿದ್ಯಾಧಿಕಾರಿಗಳಲ್ಲಿ ವಿನಂತಿಸಿ ನನ್ನ ಸ್ವಾಗತ ಮಾತುಗಳನ್ನು ಮುಗಿಸುತ್ತೇನೆ. ಗುಡ್ಡೆಯ ಕಡೆಯಿಂದ ಗಾಳಿ ಎದ್ದಿದೆ, ಸ್ಕೌಟ್ ಮಕ್ಕಳಿಬ್ಬರು ದೀಪದ ಪಡುವಣ ಬದಿಗೆ ಬಂದು ಮರೆ ನಿಲ್ಲಲಿ.