ಸ್ಟೋರ್ಸ್ ದಾಸ್ತಾನು ಯೋಜನೆ: ಮುಕ್ತಾಯ ವರದಿ

ಓದಬೇಕಾದವರು: ಸೋಮವಾರದಿಂದ ಇದನ್ನು ನೋಡಿಕೊಳ್ಳುವ ನಿರ್ವಹಣಾ ತಂಡ
ಪ್ರತಿ: ಸ್ಟೋರ್ಸ್, ಖರೀದಿ ಮತ್ತು ಲೆಕ್ಕಪತ್ರ ವಿಭಾಗಗಳು
ಅವಧಿ: ಜನವರಿ 6ರಿಂದ ಜೂನ್ 20. ಏಪ್ರಿಲ್ 30ಕ್ಕೆ ಮುಗಿಯಬೇಕಿತ್ತು, ಏಳು ವಾರ ತಡವಾಯಿತು.

ಏನಾಯಿತು

ಮೂರು ಗೋದಾಮಿನ ದಾಸ್ತಾನು 11 ಎಕ್ಸೆಲ್ ಶೀಟ್‌ಗಳಲ್ಲಿ ಹರಡಿತ್ತು. ಈಗ ಅದೆಲ್ಲ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. 9,640 ಸಾಲುಗಳು ಬಂದವು. ಒಂದೇ ಸಾಮಾನು ಎರಡೆರಡು ಹೆಸರಲ್ಲಿ ಇದ್ದದ್ದನ್ನು ಸೇರಿಸಿದ ಮೇಲೆ 7,180 ಉಳಿದವು.

ತಿಂಗಳ ಕೊನೆಯ ಎಣಿಕೆಯನ್ನು ಮೂರು ದಿನದಿಂದ ಒಂದು ದಿನಕ್ಕೆ ಇಳಿಸುವುದು ಮುಖ್ಯ ಗುರಿಯಾಗಿತ್ತು. ಮೇ ತಿಂಗಳ ಎಣಿಕೆಗೆ ಒಂದೂವರೆ ದಿನ ಹಿಡಿಯಿತು. ಅಂದರೆ ಗುರಿ ಮುಟ್ಟಿಲ್ಲ. ಉಳಿದ ಅರ್ಧ ದಿನ ಮೂರನೇ ಗೋದಾಮಿನದ್ದು. ಅದರ ವಿಷಯ ಕೆಳಗಿದೆ.

ಕಲಿತದ್ದು

ಡೇಟಾ ಸರಿಮಾಡಲು ಎರಡು ವಾರ ಇಟ್ಟುಕೊಂಡಿದ್ದೆವು. ಏಳು ವಾರ ಹಿಡಿಯಿತು. ಸಾಫ್ಟ್‌ವೇರ್ ಬರೆಯುವುದೇ ದೊಡ್ಡ ಕೆಲಸ, ಹಳೆಯ ಡೇಟಾ ಸುಮ್ನೆ ತಂದು ಹಾಕಿದರಾಯಿತು ಅಂದುಕೊಂಡಿದ್ದೇ ತಪ್ಪು. ಆ ಅಂದಾಜು ನನ್ನದೇ.

ನಡೆದದ್ದು ಇಷ್ಟು. 00417 ಅನ್ನುವ ಕೋಡ್ ಎಕ್ಸೆಲ್‌ನಲ್ಲಿ 417 ಆಗಿತ್ತು. ಅದನ್ನಾದರೂ ಮುಂದೆ ಸೊನ್ನೆ ಹಾಕಿ ಸರಿಮಾಡಬಹುದು. ಆದರೆ 3-12 ಅಂತ ಟೈಪ್ ಮಾಡಿದ್ದು ದಿನಾಂಕವಾಗಿ ಕೂತಿತ್ತು. ಆಮೇಲೆ ಸೆಲ್ ಅನ್ನು ಟೆಕ್ಸ್ಟ್‌ಗೆ ಬದಲಿಸಿದರೂ ಹಳೆಯ ಕೋಡ್ ಬರುವುದಿಲ್ಲ, 45000ರ ಆಸುಪಾಸಿನ ಯಾವುದೋ ಸಂಖ್ಯೆ ಬರುತ್ತದೆ. ಅಂಥವನ್ನೆಲ್ಲ ರ್‍ಯಾಕ್ ಮುಂದೆ ನಿಂತು ಚೀಟಿ ನೋಡಿಯೇ ತಿದ್ದಬೇಕಾಯಿತು. (ಎಕ್ಸೆಲ್ ಇದೇ ಥರ ದಿನಾಂಕ ಮಾಡಿಬಿಡುತ್ತದೆ ಎಂದು 2020ರಲ್ಲಿ ಕೆಲವು ಮಾನವ ಜೀನ್‌ಗಳ ಹೆಸರನ್ನೇ ಬದಲಿಸಿದ್ದು ಸುದ್ದಿಯಾಗಿತ್ತು. ಇನ್ನು ನಮ್ಮ ನಟ್ಟು ಬೋಲ್ಟಿನ ಪಾಡು ಕೇಳಬೇಕೆ?)

ಮುಂದೆ ಯಾವ ಶೀಟ್ ತಂದರೂ ಕೋಡ್ ಕಾಲಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ. ಐವತ್ತು ಸಾಲನ್ನು ಗೋದಾಮಿನ ಸಾಮಾನಿನ ಜೊತೆ ತಾಳೆ ನೋಡಿ, ಆಮೇಲೆ ದಿನಗಳ ಅಂದಾಜು ಹೇಳಿ. ನಾವು ಅಂದಾಜು ಹೇಳಿದ ಮೇಲೆ ಶೀಟ್ ತೆರೆದೆವು.

ಇನ್ನೊಂದು ಬ್ಯಾಕಪ್ ವಿಷಯ. ದಿನಾ ರಾತ್ರಿ ಆಗುತ್ತಿದೆ ಎಂದು ನಂಬಿ ಕೂತಿದ್ದೆವು. ಮೇ ತಿಂಗಳಲ್ಲಿ ಒಂದನ್ನು ವಾಪಸ್ ತರಲು ನೋಡಿದಾಗ ಡಿಸ್ಕ್ ತುಂಬಿ ಒಂಬತ್ತು ದಿನದ ಫೈಲ್‌ಗಳು ಅರ್ಧಕ್ಕೇ ನಿಂತಿದ್ದು ಗೊತ್ತಾಯಿತು. ಆ ಒಂಬತ್ತು ದಿನ ಏನೂ ಕೆಡಲಿಲ್ಲ, ಅದೃಷ್ಟ ಅಷ್ಟೇ. ಈಗ ಪ್ರತಿ ತಿಂಗಳ ಮೊದಲ ಬುಧವಾರ ಪರೀಕ್ಷಾ ಸರ್ವರ್‌ನಲ್ಲಿ `pg_restore` ಮಾಡಿ ನೋಡುತ್ತೇವೆ. ದಯವಿಟ್ಟು ಅದನ್ನು ನಿಲ್ಲಿಸಬೇಡಿ.

ಚೆನ್ನಾಗಿ ಆದದ್ದೂ ಒಂದಿದೆ. ತರಬೇತಿಯನ್ನು ನಾವು ಕೊಡಲಿಲ್ಲ, ಸ್ಟೋರ್ಸ್‌ನ ಇಬ್ಬರು ಕೊಟ್ಟರು. ನಮ್ಮನ್ನು ಕೇಳಲು ಹಿಂಜರಿಯುತ್ತಿದ್ದವರು ಅವರನ್ನು ಧಾರಾಳವಾಗಿ ಕೇಳಿದರು.

ಬಾಕಿ ಉಳಿದದ್ದು

ಮೊದಲು ಇದನ್ನು ಮಾಡಿ: ರಾತ್ರಿಯ ಬ್ಯಾಕಪ್ ಇನ್ನೂ ನನ್ನ ಲಾಗಿನ್‌ನಲ್ಲೇ ಓಡುತ್ತಿದೆ. ಜುಲೈ 15ಕ್ಕೆ ಆ ಲಾಗಿನ್ ಮುಚ್ಚುತ್ತಾರೆ, ಅಂದು ಬ್ಯಾಕಪ್ಪೂ ನಿಲ್ಲುತ್ತದೆ. ಪ್ರತ್ಯೇಕ ಸರ್ವಿಸ್ ಖಾತೆ ಬೇಕು. ಸರ್ವರ್ ತಂಡಕ್ಕೆ ಕೋರಿಕೆ ಹೋಗಿದೆ, ಒಪ್ಪಿಗೆ ಬಂದಿಲ್ಲ.

ಸರ್ವರ್‌ನ ಟಿಎಲ್‌ಎಸ್ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನದು, 90 ದಿನ ಮಾತ್ರ ನಡೆಯುತ್ತದೆ. ತಾನಾಗಿ ನವೀಕರಣವಾಗುವ ವ್ಯವಸ್ಥೆ ಇನ್ನೂ ಮಾಡಿಲ್ಲ. ಈಗಿನದು ಆಗಸ್ಟ್ 18ಕ್ಕೆ ಮುಗಿಯುತ್ತದೆ.

ಮೂರನೇ ಗೋದಾಮಿನ ಹಿಂಭಾಗದಲ್ಲಿ ವೈಫೈ ಸಿಗುವುದಿಲ್ಲ. ಸ್ಕ್ಯಾನರ್ ಅಲ್ಲಿ ಕೈಕೊಡುತ್ತದೆ, ಜನ ಕಾಗದದ ಮೇಲೆ ಬರೆದು ಆಮೇಲೆ ತುಂಬುತ್ತಾರೆ. ಆ ಅರ್ಧ ದಿನ ಹೋಗುವುದು ಇಲ್ಲೇ. ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸ್ಕ್ಯಾನರ್‌ಗೆ ಆಫ್‌ಲೈನ್ ಸೌಲಭ್ಯ ಬರೆಯಹೊರಟರೆ ಕೆಲಸ ಜಾಸ್ತಿ.

186 ಸಾಮಾನುಗಳ ಲೆಕ್ಕ ಡಜನ್‌ನಲ್ಲೋ ಬಿಡಿಯಲ್ಲೋ ಎಂದು ತೀರ್ಮಾನವಾಗಿಲ್ಲ. ಊಹಿಸಿ ತುಂಬುವ ಬದಲು ಖಾಲಿ ಬಿಟ್ಟಿದ್ದೇವೆ. ಪಟ್ಟಿ ಹೀಗೆ ಸಿಗುತ್ತದೆ:

```sql
SELECT item_code, item_name
FROM items
WHERE unit IS NULL;
```

ಇದನ್ನು ಹೇಳಬೇಕಾದವರು ಖರೀದಿ ವಿಭಾಗದವರು. ಅವರು ಹಳೆಯ ಶೀಟ್ ಒಂದನ್ನು ಇನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಬೈಯಬೇಡಿ. ಅವರಿಗೆ ಬೇಕಾದ "ಬಾಕಿ ಆರ್ಡರ್" ವರದಿಯನ್ನು ನಾವು ಕೊಟ್ಟಿಲ್ಲ. ಅದು ಬರುವವರೆಗೆ ಆ ಶೀಟ್ ಹೋಗುವುದಿಲ್ಲ.

ಪಾಸ್‌ವರ್ಡ್‌ಗಳು ತಂಡದ ವಾಲ್ಟ್‌ನಲ್ಲಿವೆ, ಉಳಿದದ್ದೆಲ್ಲ ಕೋಡ್ ಜೊತೆಗಿನ `README.md` ಫೈಲ್‌ನಲ್ಲಿದೆ. ಜುಲೈ 11ರವರೆಗೆ ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಸಿಗುತ್ತೇನೆ.