ಕಿರಿಯರ ಕಬಡ್ಡಿ ಪಂದ್ಯಗಳು: ಪಾಲಕರು ಮತ್ತು ಪ್ರೇಕ್ಷಕರ ನಡವಳಿಕೆಯ ನಿಯಮಗಳು

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಡೆಯುವ 14 ವರ್ಷದೊಳಗಿನ ಬಾಲಕ, ಬಾಲಕಿಯರ ಪಂದ್ಯಗಳಿಗೆ ಬರುವ ತಮಗೆಲ್ಲರಿಗೂ ಆತ್ಮೀಯ ಸ್ವಾಗತ.

ಚಪ್ಪಾಳೆ ತಟ್ಟಿ ಮಕ್ಕಳನ್ನು ಹುರಿದುಂಬಿಸಿರಿ. ಎದುರು ತಂಡದ ಮಗು ಚೆನ್ನಾಗಿ ಆಡಿದಾಗಲೂ ತಟ್ಟಿರಿ. ಆದರೆ ದಾಳಿಗಿಳಿದ ಆಟಗಾರ ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುವುದು ಅಂಪೈರರ ಕಿವಿಗೆ ಸ್ಪಷ್ಟವಾಗಿ ಬೀಳಲೇಬೇಕಾದ್ದರಿಂದ, ಪೀಪಿ, ಸೀಟಿ ಊದಲು ಅವಕಾಶವಿಲ್ಲ. ಗೆರೆಯ ಬಳಿ ನಿಂತು ‘ಕಾಲು ಹಿಡಿ, ಬಿಡಬೇಡ’ ಎಂದು ಕೂಗುವುದೂ ಬೇಡ. 30 ಸೆಕೆಂಡಿನ ದಾಳಿಯಲ್ಲಿ ತಂದೆಯ ಮಾತು ಕೇಳಬೇಕೋ ತರಬೇತುದಾರರ ಮಾತು ಕೇಳಬೇಕೋ ತಿಳಿಯದೆ ಮಗು ಹೊರಳಿ ನೋಡುತ್ತದೆ, ಅಷ್ಟರಲ್ಲಿ ಔಟಾಗುತ್ತದೆ. ಇದು ನಮಗೆ ನಿಜಕ್ಕೂ ನೋವು ತರುವ ಸಂಗತಿ.

ತೀರ್ಪಿನ ಬಗ್ಗೆ ತಕರಾರಿದ್ದರೆ ತಂಡದ ವ್ಯವಸ್ಥಾಪಕರ ಮೂಲಕವೇ ತಿಳಿಸಿರಿ. ಬೈಗುಳ, ಜಾತಿ ಅಥವಾ ಊರಿನ ಹೆಸರಿನಲ್ಲಿ ಹೀಯಾಳಿಕೆ, ಮಗುವಿನ ಮೇಲೆ, ಅದು ಸ್ವಂತ ಮಗುವೇ ಆಗಿದ್ದರೂ, ಕೈ ಎತ್ತುವುದು ಕಂಡುಬಂದಲ್ಲಿ ಪಂದ್ಯವನ್ನು ನಿಲ್ಲಿಸಿ, ಅಂಥವರು ಹೊರಹೋದ ಬಳಿಕವೇ ಮುಂದುವರಿಸಲಾಗುವುದು. ಗುಟ್ಕಾ, ತಂಬಾಕು ತರುವಂತಿಲ್ಲ.

ಸೋತು ಬಂದ ಮಗುವಿಗೆ ಮೊದಲು ನೀರು ಕೊಡಿರಿ; ತಪ್ಪುಗಳ ಮಾತನ್ನು ಮರುದಿನಕ್ಕೆ ಇಡಿರಿ. ಇತರರ ಮಕ್ಕಳ ಫೋಟೊ, ವಿಡಿಯೊಗಳನ್ನು ಅವರ ಪಾಲಕರ ಒಪ್ಪಿಗೆಯಿಲ್ಲದೆ ಹಂಚಿಕೊಳ್ಳಬಾರದು.